ಕಾಟಾದ ಮೇಲೆ ನಿಂತ ಮನುಷ್ಯ: ವಿಡಂಬನೆಯ ಕಥೆಯಲ್ಲಿ ಉಬ್ಬಿಸುವುದು, ತಗ್ಗಿಸುವುದು

(ಜಮಖಂಡಿಯಲ್ಲಿ ಕಥೆ ಬರೆಯುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮ್ಮ ಅಪ್ಪ ಒಂದು ಸಲ ಕಬ್ಬಿನ ಟ್ರ್ಯಾಕ್ಟರ್ ಜೊತೆ ಕಾರ್ಖಾನೆಗೆ ಹೋದವರು ನಾಲ್ಕನೇ ದಿನ ಬೆಳಿಗ್ಗೆ ಮನೆಗೆ ಬಂದರು. ಮೂರು ರಾತ್ರಿ ಸಾಲಿನಲ್ಲಿ ನಿಂತಿದ್ದರು. ಡಿಸೆಂಬರ್ ಚಳಿ. ಟ್ರ್ಯಾಲಿ ಕೆಳಗೆ ಕಬ್ಬಿನ ಒಣ ಎಲೆಯ ರವದಿ ಹಾಸಿಕೊಂಡು ಮಲಗಿದ್ದರು. ಅಷ್ಟೆಲ್ಲ ಆದ ಮೇಲೆ ತೂಕದಲ್ಲಿ ಒಂದು ಟನ್ನಿನ ಮೇಲೆ ಕಡಿಮೆ ಬಂದಿತ್ತು. ಅವ್ವ ಕೈಕಾಲಿಗೆ ನೀರು ಕೊಟ್ಟು, "ಯಾಕ ಇಷ್ಟು ತಡಾ ಮಾಡಿದ್ರಿ?" ಅಂತ ಕೇಳಿದಳು. "ಸ್ವಲ್ಪ ಹೊತ್ತಾತು" ಅಂದರು ಅಪ್ಪ. ಆಮೇಲೆ ರೊಟ್ಟಿ ತಿಂದು ಮಲಗಿದರು.

ನಾನು ಆಗ ಹೈಸ್ಕೂಲಿನಲ್ಲಿದ್ದೆ. ಆ ಎರಡು ಪದ ನನ್ನ ತಲೆಯಿಂದ ಹೋಗಲಿಲ್ಲ. ಮೂರು ರಾತ್ರಿಗೆ "ಸ್ವಲ್ಪ ಹೊತ್ತು". ಬಹಳ ವರ್ಷದ ಮೇಲೆ ಅದನ್ನೇ ಹಿಡಿದುಕೊಂಡು ಒಂದು ಕಥೆ ಬರೆಯಲು ಕುಳಿತೆ. ಮೂರು ಸಲ ಬರೆದೆ. ಇವತ್ತು ಆ ಒಂದೇ ಕಥೆಯನ್ನು ನಿಮ್ಮ ಮುಂದೆ ಬಿಚ್ಚಿ ತೋರಿಸುತ್ತೇನೆ. ಯಾಕೆ ಒಂದೇ ಕಥೆ ಅಂದರೆ, ಉಬ್ಬಿಸುವುದು ಮತ್ತು ತಗ್ಗಿಸುವುದು ಎರಡೂ ಒಂದೇ ಕಥೆಯೊಳಗೆ ಹೇಗೆ ಕೆಲಸ ಹಂಚಿಕೊಳ್ಳುತ್ತವೆ ಅನ್ನುವುದು ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ.

ಮೊದಲು ಕಥೆಯ ಜಾಗ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಮುಧೋಳ, ಜಮಖಂಡಿ, ರಬಕವಿ ಕಡೆಯವರು. ನಿಮಗೆ ಇದೆಲ್ಲ ಗೊತ್ತು. ಆದರೆ ಕಥೆಯನ್ನು ಗೊತ್ತಿಲ್ಲದವರೂ ಓದುತ್ತಾರೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾರ್ಖಾನೆಯ ತೂಕದ ಕಾಟಾದ ಮೇಲೆ ನಿಲ್ಲುತ್ತದೆ. ಒಂದು ತೂಕ ಬರುತ್ತದೆ. ಕಬ್ಬು ಇಳಿಸಿ ಖಾಲಿ ಗಾಡಿ ತಂದು ಮತ್ತೆ ನಿಲ್ಲಿಸುತ್ತಾರೆ. ಇನ್ನೊಂದು ತೂಕ ಬರುತ್ತದೆ. ಎರಡರ ನಡುವಿನ ಅಂತರ ರೈತನ ಕಬ್ಬು. ಚೀಟಿಯಲ್ಲಿ ಬರುವ ಆ ಒಂದು ಸಂಖ್ಯೆಯ ಮೇಲೆ ಅವನ ಇಡೀ ವರ್ಷ ನಿಂತಿರುತ್ತದೆ.

ನನ್ನ ಮೊದಲ ಪ್ರತಿಯಲ್ಲಿ ಸಿಟ್ಟು ತುಂಬಿತ್ತು. ಸಿಟ್ಟಿನಲ್ಲಿ ಎಲ್ಲವನ್ನೂ ಉಬ್ಬಿಸಿದೆ. ಕಾರ್ಖಾನೆಯ ಅಧ್ಯಕ್ಷನಿಗೆ ಹದಿನೆಂಟು ಕಾರು ಕೊಟ್ಟೆ, ಬಾಯಿ ತುಂಬ ಬಂಗಾರದ ಹಲ್ಲು ಕೊಟ್ಟೆ. ಗುಮಾಸ್ತ ರಾಕ್ಷಸನ ಹಾಗೆ ನಗುತ್ತಿದ್ದ. ರೈತ ಎಲುಬಿನ ಗೂಡಾಗಿದ್ದ. ಕಾಟಾ ಅರ್ಧಕ್ಕರ್ಧ ಕಬ್ಬು ನುಂಗುತ್ತಿತ್ತು. ಅದನ್ನು ಊರಲ್ಲಿ ನಮ್ಮ ದೊಡ್ಡಪ್ಪನಿಗೆ ಓದಿ ತೋರಿಸಿದೆ. ಜೀವನವಿಡೀ ಕಬ್ಬು ಬೆಳೆದವರು. ಪೂರ್ತಿ ಕೇಳಿದರು. ಕೊನೆಗೆ ಹೇಳಿದ್ದು ಒಂದೇ ಮಾತು: "ಇದು ನಮ್ಮ ಕಾಟಾ ಅಲ್ಲ ಬಿಡಪಾ. ಅರ್ಧಾ ಯಾರು ತಗೋತಾರ? ಹಂಗ ಅರ್ಧಾ ತಗೊಂಡ್ರ ಮರುದಿನಾನ ಕಲ್ಲು ಬೀಳ್ತಾವು."

ಇದು ನನಗೆ ಸಿಕ್ಕ ದೊಡ್ಡ ಪಾಠ. ನಾನು ಮೋಸವನ್ನು ದೊಡ್ಡದು ಮಾಡಲು ಹೋಗಿ ಆ ಮೋಸದ ಗುಣವನ್ನೇ ಕಳೆದಿದ್ದೆ. ತೂಕದ ಮೋಸ ನಡೆಯುವುದೇ ಅದು ಸಣ್ಣದಾಗಿರುವುದರಿಂದ. ಹದಿನೆಂಟು ಟನ್ನಿಗೆ ಒಂದು ಟನ್ ಹೋದರೆ ರೈತ ಅನುಮಾನ ಪಡುತ್ತಾನೆ, ಆದರೆ ಆಣೆ ಮಾಡಿ ಹೇಳಲಾರ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುವುದು ನಿಜ. ಸಾಲಿನಲ್ಲಿ ಎರಡು ದಿನ ನಿಂತರೆ ಇಳಿಯುತ್ತದೆ. ಹಾಗಾಗಿ "ಒಣಗಿರಬೇಕು" ಅನ್ನುವ ಉತ್ತರ ಯಾವಾಗಲೂ ಅರ್ಧ ನಿಜವಾಗಿಯೇ ಇರುತ್ತದೆ. ಈ ಅರ್ಧ ನಿಜ ನನ್ನ ಮೊದಲ ಪ್ರತಿಯಲ್ಲಿ ಇರಲೇ ಇಲ್ಲ. ಉಬ್ಬಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ನಿಜ ಯಾವ ಕಡೆಗೆ ವಾಲಿದೆ? ಅದು ವಾಲಿದ ಕಡೆಗೇ ತಳ್ಳಬೇಕು. ನನ್ನ ಅಧ್ಯಕ್ಷನ ಬಂಗಾರದ ಹಲ್ಲಿಗೂ ತೂಕಕ್ಕೂ ಏನೂ ಸಂಬಂಧವಿರಲಿಲ್ಲ. ಅದು ಸುಮ್ನೆ ಬೈಗುಳ. ಬೈಗುಳವನ್ನು ಚಿತ್ರ ಮಾಡಿ ಬರೆದಿದ್ದೆ, ಅಷ್ಟೇ.

ಎರಡನೇ ಸಲ ಬರೆಯುವಾಗ ಒಂದನ್ನು ಮಾತ್ರ ಉಬ್ಬಿಸುತ್ತೇನೆ ಅಂತ ನಿರ್ಧಾರ ಮಾಡಿದೆ. ಕಾಟಾ ತೂಕ ಕಡಿಮೆ ಮಾಡುತ್ತದೆ. ಇದೊಂದೇ. ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಚೀಟಿ, ಸಾಲು, ಚಹಾ ಅಂಗಡಿ, ಟ್ರ್ಯಾಕ್ಟರಿನ ಟೇಪಿನಲ್ಲಿ ಬರುವ ಹಾಡು, ಗುಮಾಸ್ತನ ಸ್ವೆಟರು, ಯಾವುದೂ ಒಂದು ಕೂದಲೆಳೆ ಹೆಚ್ಚಬಾರದು.

ಈಗ ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ಕಥೆಯ ರೈತ ಮಲ್ಲಪ್ಪ. ಮೂರು ಎಕರೆ ಕಬ್ಬು. ಎಕರೆಗೆ 40 ಟನ್ ಹಿಡಿದರೆ 120 ಟನ್ ಆಯಿತು. ಗಾಡಿ ಒಂದು ಸಲ ತುಂಬಿಕೊಂಡು ಹೋಗುವುದು ಒಂದು ಖೇಪು. ಒಂದು ಖೇಪಿಗೆ 18 ಟನ್ ಅಂದರೆ ಏಳು ಖೇಪು. ನೋಡಿ, ಕಥೆಗೆ ಎಷ್ಟು ಮೆಟ್ಟಿಲು ಬೇಕು ಅನ್ನುವುದನ್ನು ನಾನು ಯೋಚಿಸಿ ಹುಡುಕಲಿಲ್ಲ. ಅವನ ಹೊಲವೇ ಹೇಳಿತು.

ಮೊದಲ ಖೇಪು. ಮಲ್ಲಪ್ಪ ದಾರಿಯಲ್ಲಿ ಒಂದು ಖಾಸಗಿ ಕಾಟಾದಲ್ಲಿ ತೂಕ ಮಾಡಿಸುತ್ತಾನೆ. ಕಬ್ಬು 18 ಟನ್ 200 ಕೆಜಿ. ಅಲ್ಲಿಂದ ಕಾರ್ಖಾನೆ ನಾಲ್ಕು ಕಿಲೋಮೀಟರ್. ಅವತ್ತು ಸಾಲು ಇಲ್ಲ, ಸೀದಾ ಒಳಗೆ ಹೋಗುತ್ತಾನೆ. ಅಲ್ಲಿ 17 ಟನ್ 100. ಗುಮಾಸ್ತ ಹೇಳುತ್ತಾನೆ: "ದಾರಿಯಲ್ಲಿ ಒಣಗಿರಬೇಕು." ಟನ್ನಿಗೆ 3,000 ರೂಪಾಯಿ ಹಿಡಿದರೆ 3,300 ರೂಪಾಯಿ ನಾಲ್ಕು ಕಿಲೋಮೀಟರಿನಲ್ಲಿ ಒಣಗಿತು. ಇಲ್ಲಿ ಉಬ್ಬಿಸುವಿಕೆ ಬಹುತೇಕ ಇಲ್ಲ. ಓದುಗ "ಹೌದು, ಹಿಂಗ ಆಗ್ತೈತಿ" ಅನ್ನಬೇಕು. ಈ ಮೆಟ್ಟಿಲು ಗಟ್ಟಿಯಾಗಿರದಿದ್ದರೆ ಮುಂದಿನದರ ಮೇಲೆ ಅವನು ಕಾಲಿಡುವುದಿಲ್ಲ. ನಾನು ಇದಕ್ಕೆ ಎರಡು ಪುಟ ಕೊಟ್ಟೆ.

ಎರಡನೇ ಖೇಪು. ಮಲ್ಲಪ್ಪನಿಗೆ ಅನುಮಾನ. ಕಬ್ಬಿನ ಲೆಕ್ಕ ಬಿಟ್ಟು ತಾನೇ ಕಾಟಾದ ಮೇಲೆ ನಿಲ್ಲುತ್ತಾನೆ. ಹೋದ ವಾರ ದವಾಖಾನೆಯಲ್ಲಿ ಅವನ ತೂಕ 60 ಕೆಜಿ. ಇಲ್ಲಿ 50 ತೋರಿಸುತ್ತದೆ. ನಾನು ಮೊದಲು 54.5 ಅಂತ ಬರೆದಿದ್ದೆ. ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಹುಡುಗ ಅದನ್ನು ಹಿಡಿದ: "ಸರ್, ಗಾಡಿ ತೂಗೂ ಕಾಟಾ ಅರ್ಧಾ ಕೆಜಿ ಎಲ್ಲಿ ತೋರಸ್ತೈತ್ರಿ? ನಮ್ಮ ಕಡೆ ಹತ್ತು ಕೆಜಿ ಲೆಕ್ಕದಾಗ ಏರ್ತೈತಿ, ಇಳೀತೈತಿ." ಅವನು ಹೇಳಿದ್ದು ಸರಿ. ತಿದ್ದಿದೆ. ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಂಬಲಾಗದ ಸಂಗತಿಯನ್ನು ಹೇಳುವಾಗ ಸುತ್ತಲಿನ ಸಣ್ಣ ವಿಷಯ ತಪ್ಪಾದರೆ ಓದುಗ ಇಡೀ ಕಥೆಯನ್ನೇ ಸುಳ್ಳು ಅಂತ ಬದಿಗಿಡುತ್ತಾನೆ. ಸಣ್ಣದು ಸರಿಯಿದ್ದರೆ ದೊಡ್ಡ ಸುಳ್ಳನ್ನೂ ಅವನು ನಮ್ಮ ಜೊತೆ ಹೊರುತ್ತಾನೆ.

ಇಲ್ಲೇ ಕಥೆಯ ನಿಜವಾದ ತಿರುವು. ಮಲ್ಲಪ್ಪ ಕಾಟಾದಿಂದ ಕೆಳಗಿಳಿದ ಮೇಲೂ 50 ಕೆಜಿಯೇ ಆಗಿರುತ್ತಾನೆ. ಧೋತರ ಸಡಿಲ. ಕಾಲಲ್ಲಿ ಚಪ್ಪಲಿ ಜಾರುತ್ತದೆ. ಅಂದರೆ ಕಾಟಾ ಸುಳ್ಳು ಹೇಳಲಿಲ್ಲ. ಕಾಟಾ ಹೇಳಿದ್ದು ನಿಜವಾಯಿತು. ಇದು ಬರುವ ತನಕ ನನ್ನದು ಮೋಸದ ಕಥೆಯಾಗಿತ್ತು. ಇದು ಬಂದ ಮೇಲೆ ಕಾಗದದ ಕಥೆಯಾಯಿತು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಚೀಟಿಯಲ್ಲಿ ಏನು ಬರೆದಿದೆಯೋ ಅದೇ ನಿಜ, ಮನುಷ್ಯ ಅದಕ್ಕೆ ಹೊಂದಿಕೊಳ್ಳಬೇಕು. ನಾನು ಮಾಡಿದ್ದು ಇಷ್ಟೇ, ಆ ಮಾತನ್ನು ಮಲ್ಲಪ್ಪನ ಮೈಮೇಲೆ ತಂದೆ. ಉಬ್ಬಿಸುವುದು ಅಂದರೆ ಸಂಖ್ಯೆ ಹೆಚ್ಚಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ನಾವು ಬಾಯಿಮಾತಿಗೆ ಒಪ್ಪಿಕೊಂಡದ್ದನ್ನು ಅಕ್ಷರಶಃ ನಡೆಸಿ ತೋರಿಸುವುದೇ ಒಳ್ಳೆಯ ಉಬ್ಬಿಸುವಿಕೆ.

ಆಮೇಲೆ 40, 30, 20, 10. ಈ ನಾಲ್ಕು ಖೇಪುಗಳಿಗೆ ನಾನು ಒಂದೇ ಪ್ಯಾರಾ ಕೊಟ್ಟೆ. ಯಾಕೆ ಅಂದರೆ ಓದುಗನಿಗೆ ಈ ಲೋಕದ ನಿಯಮ ಎರಡನೇ ಮೆಟ್ಟಿಲಲ್ಲೇ ತಿಳಿದುಹೋಗಿದೆ. ತಿಳಿದದ್ದನ್ನು ಮತ್ತೆ ಮತ್ತೆ ವಿವರಿಸಿದರೆ ಉಬ್ಬಿಸಿದ್ದು ಬಲೂನು ಆಗುತ್ತದೆ. ಇನ್ನೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕಿತ್ತು. ತೂಕ ಹೋಗುತ್ತಿದೆ ಅಂತ ಗೊತ್ತಿದ್ದೂ ಅವನು ಯಾಕೆ ಮತ್ತೆ ಹೋಗುತ್ತಾನೆ? ಅದಕ್ಕೆ ಒಂದು ಸಾಲು: ಗ್ಯಾಂಗ್ ಕಬ್ಬು ಕಡಿದು ಹಾಕಿದೆ, ಹೊಲದಲ್ಲಿ ಬಿಟ್ಟರೆ ಒಣಗುತ್ತದೆ. ಇಷ್ಟು ಸಾಕು. ಕಬ್ಬು ಬೆಳೆದವರು ಯಾರೂ ಆಮೇಲೆ ಈ ಪ್ರಶ್ನೆ ಕೇಳುವುದಿಲ್ಲ.

ಕಳೆದ ತೂಕ ಎಲ್ಲಿ ಹೋಯಿತು ಅಂತ ಎರಡನೇ ಪ್ರತಿಯಲ್ಲಿ ಒಂದು ದೊಡ್ಡ ದೃಶ್ಯ ಬರೆದಿದ್ದೆ. ಅಧ್ಯಕ್ಷರು ಉಬ್ಬುತ್ತಾ ಹೋಗುತ್ತಾರೆ, ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾರೆ, ಕ್ರೇನ್ ತರಿಸುತ್ತಾರೆ. ಓದಿದವರು ನಕ್ಕರು. ಆದರೆ ನಕ್ಕು ಮಲ್ಲಪ್ಪನನ್ನು ಮರೆತರು. ಮೂರನೇ ಪ್ರತಿಯಲ್ಲಿ ಆ ಎರಡು ಪುಟ ತೆಗೆದು, ಕಥೆಯ ನಡುವೆ ಎಲ್ಲೋ ಒಂದು ಕಡೆ ಹೀಗೆ ಬರೆದೆ: "ಆ ಹಂಗಾಮಿನಲ್ಲಿ ಅಧ್ಯಕ್ಷರ ಕುರ್ಚಿಯನ್ನು ಮೂರು ಸಲ ಬದಲಾಯಿಸಬೇಕಾಯಿತು." ಅಷ್ಟೇ. ಉಳಿದದ್ದನ್ನು ಓದುಗ ತಾನೇ ಕಟ್ಟಿಕೊಳ್ಳುತ್ತಾನೆ. ತಗ್ಗಿಸಿ ಹೇಳುವುದರ ಶಕ್ತಿ ನನಗೆ ಸರಿಯಾಗಿ ಗೊತ್ತಾದದ್ದು ಈ ಒಂದು ಸಾಲಿನಿಂದ. ಕ್ರೇನ್ ತಂದಾಗ ನಾನು ಓದುಗನಿಗೆ ಏನೂ ಕೆಲಸ ಉಳಿಸಿರಲಿಲ್ಲ.

ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ. ರಷ್ಯಾದ ಗೊಗೋಲ್ ಅವರ "ಮೂಗು" ಅನ್ನುವ ಕಥೆ 1836ರಲ್ಲಿ ಅಚ್ಚಾಯಿತು. ಒಬ್ಬ ಅಧಿಕಾರಿ ಬೆಳಿಗ್ಗೆ ಎದ್ದು ನೋಡಿದರೆ ಮುಖದಲ್ಲಿ ಮೂಗೇ ಇಲ್ಲ. ಆ ಮೂಗು ಅವನಿಗಿಂತ ಮೇಲಿನ ದರ್ಜೆಯ ಸಮವಸ್ತ್ರ ಹಾಕಿಕೊಂಡು ಊರಲ್ಲಿ ಓಡಾಡುತ್ತಿದೆ. ತನ್ನದೇ ಮೂಗನ್ನು ಮಾತಾಡಿಸಲು ಅವನಿಗೆ ಅಳುಕು, ಯಾಕೆಂದರೆ ಅದರ ಹುದ್ದೆ ದೊಡ್ಡದು. ಉಬ್ಬಿಸಿದ್ದು ಇಷ್ಟು. ಈಗ ತಗ್ಗಿಸಿದ್ದನ್ನು ನೋಡಿ. ಅವನು ಪತ್ರಿಕೆ ಕಚೇರಿಗೆ ಹೋಗಿ ಮೂಗು ಕಳೆದಿದೆ ಅಂತ ಜಾಹೀರಾತು ಕೊಡಲು ಹೋಗುತ್ತಾನೆ. ಅಲ್ಲಿಯ ಗುಮಾಸ್ತನಿಗೆ ಮೂಗು ಓಡಿಹೋದದ್ದು ಅಂಥ ದೊಡ್ಡ ವಿಷಯವೇ ಅಲ್ಲ. ಇಂಥದ್ದು ಹಾಕಿದರೆ ಪತ್ರಿಕೆಯ ಹೆಸರು ಕೆಡುತ್ತದೆ ಅನ್ನುವುದು ಅವನ ಚಿಂತೆ. ಕೊನೆಗೆ ಕನಿಕರದಿಂದ ನಶ್ಯದ ಡಬ್ಬಿ ಮುಂದೆ ಹಿಡಿಯುತ್ತಾನೆ. ಮೂಗಿಲ್ಲದವನಿಗೆ ನಶ್ಯ!

ಕಥೆಯಲ್ಲಿ ಘಟನೆ ದೊಡ್ಡದಾದಷ್ಟೂ ಸುತ್ತಲಿನ ಜನರ ಆಶ್ಚರ್ಯ ಸಣ್ಣದಾಗಬೇಕು ಅನ್ನುವುದನ್ನು ನಾನು ಅಲ್ಲಿ ಕಲಿತೆ. ನನ್ನ ಎರಡನೇ ಪ್ರತಿಯಲ್ಲಿ ಮಲ್ಲಪ್ಪ ತೂಕ ಕಳೆದುಕೊಂಡಾಗ ಇಡೀ ಊರು ಕೂಡಿ ಗದ್ದಲ ಹಾಕುತ್ತಿತ್ತು. ಅದರಲ್ಲಿ ವಿಡಂಬನೆ ಉಳಿದಿರಲಿಲ್ಲ. ಊರೇ ಕೂಗಿದರೆ ಓದುಗನಿಗೆ ಕೂಗುವ ಅವಶ್ಯಕತೆ ಇರುವುದಿಲ್ಲ, ಅಲ್ವಾ? ಮೂರನೇ ಪ್ರತಿಯಲ್ಲಿ ಸಾಲಿನಲ್ಲಿ ನಿಂತ ಇನ್ನೊಬ್ಬ ರೈತ ಮಲ್ಲಪ್ಪನನ್ನು ನೋಡಿ ಹೀಗೆ ಕೇಳುತ್ತಾನೆ: "ಎಷ್ಟನೇ ಖೇಪು?" "ನಾಕನೇದು." "ಹೂಂ. ನಾಕಕ್ಕ ಹಿಂಗ ಕಾಣ್ತಾರ." ಅವನಿಗೆ ಇದು ಮಾಮೂಲಿ. ಈ ಮಾಮೂಲಿಯೇ ಭಯಂಕರ.

ಈಗ ತಗ್ಗಿಸಿ ಹೇಳುವುದಕ್ಕೆ ಬರುತ್ತೇನೆ. ಇದರ ಬಗ್ಗೆ ನಾನು ಜಾಸ್ತಿ ಹೊತ್ತು ಮಾತಾಡಬೇಕು, ಯಾಕೆಂದರೆ ನಮ್ಮ ಭಾಗದ ಬರಹಗಾರರು ಇದನ್ನು ಕಡಿಮೆ ಬಳಸುತ್ತಾರೆ. ನಮ್ಮ ಜನ ದಿನಾ ಬಳಸುತ್ತಾರೆ, ಬರಹಗಾರರು ಬಿಟ್ಟುಬಿಡುತ್ತಾರೆ.

ನನ್ನ ಕಥೆಯಲ್ಲಿ ಇಬ್ಬರು ತಗ್ಗಿಸಿ ಮಾತಾಡುತ್ತಾರೆ. ಒಬ್ಬ ಗುಮಾಸ್ತ. ಅವನದು ಕಚೇರಿ ಕನ್ನಡ. ಮಲ್ಲಪ್ಪ 30 ಕೆಜಿ ಆದಾಗ ಅವನು ವಹಿಯಲ್ಲಿ ಬರೆಯುತ್ತಾನೆ: "ರೈತರ ತೂಕದಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಿದೆ." ಈ ವಾಕ್ಯವನ್ನು ಬಿಡಿಸಿ ನೋಡಿ. ಯಾರು ಕಡಿಮೆ ಮಾಡಿದರು? ವಾಕ್ಯದಲ್ಲಿ ಅವರಿಗೆ ಜಾಗವೇ ಇಲ್ಲ. ಯಾರು ಕಂಡರು? ಯಾರೂ ಅಲ್ಲ, ತಾನಾಗಿಯೇ "ಕಂಡುಬಂದಿದೆ". ನಷ್ಟ "ವ್ಯತ್ಯಾಸ" ಆಗಿದೆ. ವ್ಯತ್ಯಾಸ ಅನ್ನುವ ಪದದಲ್ಲಿ ಹೆಚ್ಚೋ ಕಡಿಮೆಯೋ ಅನ್ನುವುದೂ ಇಲ್ಲ. ಅದರ ಮೇಲೆ "ಅಲ್ಪ". ಅರ್ಧ ಮನುಷ್ಯ ಹೋಗಿದ್ದಾನೆ, ಆದರೆ ವಾಕ್ಯದ ವ್ಯಾಕರಣ ನೆಟ್ಟಗಿದೆ. ಇಂಥ ಭಾಷೆಯನ್ನು ನಾವು ಕಲ್ಪಿಸಿಕೊಳ್ಳಬೇಕಾಗಿಲ್ಲ. ಮನೆಗೆ ಬಂದ ಯಾವುದಾದರೂ ಕಚೇರಿ ಕಾಗದ ತೆಗೆದು ಓದಿ, "ಪರಿಶೀಲನೆಯಲ್ಲಿದೆ", "ಕ್ರಮ ಕೈಗೊಳ್ಳಲಾಗುವುದು" ಅಂತ ಇರುತ್ತದೆ. ಅದನ್ನು ಇದ್ದ ಹಾಗೇ ತಂದು, ಅದು ಮುಚ್ಚಿಡುತ್ತಿರುವ ಸಂಗತಿಯ ಪಕ್ಕದಲ್ಲಿ ಇಟ್ಟರೆ ಸಾಕು.

ಇನ್ನೊಬ್ಬ ಮಲ್ಲಪ್ಪ. ಅವನ ಹೆಂಡತಿ ಕೇಳುತ್ತಾಳೆ, "ಹೆಂಗ ಅನಸ್ತೈತ್ರಿ?" ಅವನು ಹೇಳುತ್ತಾನೆ, "ಏನಿಲ್ಲ, ಸ್ವಲ್ಪ ಹಗುರ ಆಗೇನಿ." ಇದೂ ತಗ್ಗಿಸಿದ ಮಾತೇ. "ಅಲ್ಪ ವ್ಯತ್ಯಾಸ", "ಸ್ವಲ್ಪ ಹಗುರ". ಎರಡರಲ್ಲೂ ಪದ ಸಣ್ಣದು. ಆದರೆ ಗುಮಾಸ್ತ ತಗ್ಗಿಸುವುದು ಮುಚ್ಚಲು. ಮಲ್ಲಪ್ಪ ತಗ್ಗಿಸುವುದು ಹೆಂಡತಿ ಗಾಬರಿಯಾಗಬಾರದು ಅಂತ. ನಮ್ಮ ಅಪ್ಪನ "ಸ್ವಲ್ಪ ಹೊತ್ತಾತು" ಈ ಎರಡನೇ ಜಾತಿಯದು. ಈ ಎರಡನ್ನೂ ಒಂದೇ ಕಥೆಯಲ್ಲಿ ಹತ್ತಿರ ಹತ್ತಿರ ಇಟ್ಟಾಗ ಓದುಗನಿಗೆ ಮೊದಲನೆಯದರ ಮೇಲೆ ಸಿಟ್ಟು, ಎರಡನೆಯದರ ಮೇಲೆ ಕರುಳು. ನಾನು "ಗುಮಾಸ್ತ ಕ್ರೂರಿ, ಮಲ್ಲಪ್ಪ ಒಳ್ಳೆಯವ" ಅಂತ ಎಲ್ಲೂ ಬರೆಯಬೇಕಾಗಲಿಲ್ಲ.

ಮೂರನೆಯವನೊಬ್ಬ ಇದ್ದಾನೆ, ಕಥೆ ಹೇಳುವವನು. ಅವನು ತಗ್ಗಿಸಬಹುದಾ? ಇಲ್ಲಿ ಬಹಳ ಎಚ್ಚರ ಬೇಕು. ನಿರೂಪಕ ತನ್ನ ಸ್ವಂತ ಧ್ವನಿಯಲ್ಲಿ ಮಲ್ಲಪ್ಪನ ನೋವನ್ನು ಸಣ್ಣದು ಮಾಡಿದರೆ ವಿಡಂಬನೆಯ ಬಾಣ ತಿರುಗಿ ಮಲ್ಲಪ್ಪನಿಗೇ ಚುಚ್ಚುತ್ತದೆ. ನನ್ನ ಎರಡನೇ ಪ್ರತಿಯಲ್ಲಿ ಒಂದು ಸಾಲಿತ್ತು: "ಮಲ್ಲಪ್ಪ ಈಗ ಸೊಪ್ಪಿನ ಸಿವುಡಿನ ಹಾಗೆ ಮುದ್ದಾಗಿ ಕಾಣುತ್ತಿದ್ದ." ಓದಿದಾಗ ಜನ ನಕ್ಕರು. ನಗು ಯಾರ ಮೇಲೆ? ಮಲ್ಲಪ್ಪನ ಮೇಲೆ. ಆ ಸಾಲು ತೆಗೆದೆ. ನಿರೂಪಕ ನೋಡಿದ್ದನ್ನು ಅಳತೆಗೆ ತಕ್ಕಂತೆ ಹೇಳಲಿ, ಉಬ್ಬಿಸುವುದೂ ಬೇಡ, ಮುದ್ದು ಮಾಡುವುದೂ ಬೇಡ. ತಗ್ಗಿಸುವ ಕೆಲಸವನ್ನು ಪಾತ್ರಗಳಿಗೆ ಬಿಡಬೇಕು. ಅದರಲ್ಲೂ ಯಾರಿಗೆ ಲಾಭ ಇದೆಯೋ ಅವರ ಬಾಯಿಗೆ, ಅವರ ಕಾಗದಕ್ಕೆ.

ಇದೇ ಕಾರಣಕ್ಕೆ ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಉತ್ತರ ಕರ್ನಾಟಕದ ಮಾತನ್ನು ನಗಿಸಲು ಬಳಸುವ ರೂಢಿ ಒಂದಿದೆ. ಸಿನಿಮಾದಲ್ಲಿ, ನಾಟಕದಲ್ಲಿ ನೋಡಿರುತ್ತೀರಿ. ರೈತ "ಹೌದ್ರಿ ಯಪ್ಪಾ" ಅಂದರೆ ಸಾಕು, ಜನ ನಗುತ್ತಾರೆ. ನೀವು ಬರೆಯುವ ವಿಡಂಬನೆಯಲ್ಲಿ ಅದನ್ನು ಮಾಡಬೇಡಿ. ನನ್ನ ಕಥೆಯಲ್ಲಿ ಆಡುಮಾತು ನೆಟ್ಟಗಿದೆ, ಗುಮಾಸ್ತನ ಪುಸ್ತಕದ ಕನ್ನಡವೇ ಸೊಟ್ಟಗಿದೆ. ನಗು ಬರುವುದಾದರೆ ಅಲ್ಲಿಂದ ಬರಲಿ.

ಮುಂದಿನ ಸಾಲಿನಿಂದ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು: "ಸರ್, ತಗ್ಗಿಸಿ ಬರೆದರೆ ಓದುಗರಿಗೆ ಗೊತ್ತಾಗದೇ ಹೋದರೆ?" ಒಳ್ಳೆಯ ಪ್ರಶ್ನೆ. ಹೋಗುತ್ತದಮ್ಮ. ನಿಜವಾದ ಅಳತೆ ಗೊತ್ತಿಲ್ಲದಿದ್ದರೆ ಹೋಗುತ್ತದೆ. "ಸ್ವಲ್ಪ ಹೊತ್ತಾತು" ಅನ್ನುವ ಮಾತನ್ನು ನಾನು ಇವತ್ತು ಮೊದಲೇ ಹೇಳಿಬಿಟ್ಟಿದ್ದರೆ ನಿಮಗೆ ಏನೂ ಅನ್ನಿಸುತ್ತಿರಲಿಲ್ಲ. ಮೂರು ರಾತ್ರಿ, ಚಳಿ, ರವದಿಯ ಹಾಸಿಗೆ, ಇವನ್ನು ಮೊದಲು ಹೇಳಿದೆ. ಆಮೇಲೆ ಅಪ್ಪನ ಮಾತು ಹೇಳಿದೆ. ಮೊದಲು ಖಾಸಗಿ ಕಾಟಾದ 18 ಟನ್ 200, ಆಮೇಲೆ ಕಾರ್ಖಾನೆಯ 17 ಟನ್ 100, ಕೊನೆಗೆ "ಒಣಗಿರಬೇಕು". ಈ ಕ್ರಮ ತಪ್ಪಿದರೆ ತಗ್ಗಿಸಿದ ಮಾತು ಬರೀ ಸಣ್ಣ ಮಾತಾಗಿ ಉಳಿಯುತ್ತದೆ. ಅಳತೆಯನ್ನು ತೋರಿಸುವ ಜಾಗ ಸಣ್ಣ ಮಾತಿಗಿಂತ ಬಹಳ ಹಿಂದೆಯೂ ಇರಬಾರದು. ಎರಡು ಪುಟ ಹಿಂದೆ ಇದ್ದರೆ ಓದುಗ ಮರೆತಿರುತ್ತಾನೆ.

ಇನ್ನೊಬ್ಬರು ಕೇಳಿದರು, ಯಾವುದನ್ನು ಉಬ್ಬಿಸಬೇಕು, ಯಾವುದನ್ನು ತಗ್ಗಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ನನಗೆ ಅನುಭವದಿಂದ ತಿಳಿದದ್ದು ಹೇಳುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ದಿನಾ ನಡೆಯುವುದನ್ನು ಉಬ್ಬಿಸಿ. ತೂಕದ ಮೋಸ ಅಂಥದ್ದು. ಕಣ್ಣ ಮುಂದೆ ದೊಡ್ಡದಾಗಿ ನಡೆದು, ಜನರಿಗೆ ಅಭ್ಯಾಸವಾಗಿ ಹೋಗಿರುವುದನ್ನು ತಗ್ಗಿಸಿ. ಉದಾಹರಣೆಗೆ ಕಬ್ಬಿನ ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ಈಗ ನೀವು ಕಥೆಯಲ್ಲಿ ಎರಡು ವರ್ಷವಾದರೂ ಬಿಲ್ಲು ಬರಲಿಲ್ಲ ಅಂತ ಬರೆದರೆ ಅದು ಉಬ್ಬಿಸಿದಂತೆ ಕೇಳಿಸುವುದೇ ಇಲ್ಲ. ಇಪ್ಪತ್ತು ವರ್ಷ ಅಂದರೂ ಓದುಗ ತಲೆಯಾಡಿಸಿ ಮುಂದೆ ಹೋಗುತ್ತಾನೆ, ತಡ ಅನ್ನುವುದು ಅವನಿಗೆ ಹಳೆಯದು. ಅಲ್ಲಿ ತಗ್ಗಿಸಬೇಕು. ನನ್ನ ಕಥೆಯಲ್ಲಿ ಬಿಲ್ಲಿನ ಬಗ್ಗೆ ಇರುವುದು ಒಂದೇ ಕಡೆ. ಮಲ್ಲಪ್ಪನ ಹೆಂಡತಿ ಸೊಸೆಗೆ ಹೇಳುತ್ತಾಳೆ: "ನಿನ್ನ ಮಗನ ಜವಳಕ್ಕ ಇಟ್ಟ ಬಿಲ್ಲು ಬಂತು ನೋಡು, ಅವನ ಲಗ್ನಕ್ಕ ಆಗ್ತೈತಿ." ಅವಳು ಯಾರನ್ನೂ ದೂರುವುದಿಲ್ಲ. ಖುಷಿಯಿಂದಲೇ ಹೇಳುತ್ತಾಳೆ.

ಒಂದು ಉಪಾಯ ಉಳಿದಿದೆ, ಪುಟದ ಲೆಕ್ಕ. ಉಬ್ಬಿಸುವುದು, ತಗ್ಗಿಸುವುದು ಬರೀ ಪದದಲ್ಲಿ ಅಲ್ಲ, ಎಷ್ಟು ಜಾಗ ಕೊಡುತ್ತೀರಿ ಅನ್ನುವುದರಲ್ಲೂ ಇದೆ. ನನ್ನ ಕಥೆಯಲ್ಲಿ ಆರನೇ ಖೇಪಿನ ದಿನ ಗುಮಾಸ್ತನ ಪೆನ್ನು ಕಳೆಯುತ್ತದೆ. ಮೇಜಿಗೆ ದಾರ ಕಟ್ಟಿ ಇಟ್ಟಿದ್ದ ಐದು ರೂಪಾಯಿಯ ಪೆನ್ನು. ದಾರ ಇದೆ, ಪೆನ್ನಿಲ್ಲ. ಕಾಟಾ ನಿಲ್ಲಿಸುತ್ತಾರೆ. ಗೇಟು ಮುಚ್ಚುತ್ತಾರೆ. ಕಾವಲುಗಾರನಿಂದ ಬರೆಸಿಕೊಳ್ಳುತ್ತಾರೆ. ಸಾಲಿನಲ್ಲಿದ್ದ ಡ್ರೈವರುಗಳ ಜೇಬು ನೋಡುತ್ತಾರೆ. ದಾರ ಹರಿದದ್ದೋ ಕತ್ತರಿಸಿದ್ದೋ ಅಂತ ಚರ್ಚೆಯಾಗುತ್ತದೆ. ಮೂರು ಜನರ ಸಮಿತಿ ಬರುತ್ತದೆ. ಇದಕ್ಕೆ ನಾನು ಒಂದೂವರೆ ಪುಟ ಕೊಟ್ಟಿದ್ದೇನೆ. ಪ್ರತಿಯೊಂದು ಹೆಜ್ಜೆಯನ್ನೂ ಗಂಭೀರವಾಗಿ, ಪೊಲೀಸರ ಪಂಚನಾಮೆಯ ಹಾಗೆ ಬರೆದಿದ್ದೇನೆ. ಆ ಹೊತ್ತಿಗೆ ಮಲ್ಲಪ್ಪ 10 ಕೆಜಿ ಆಗಿ, ಗಾಳಿಗೆ ಹಾರಬಾರದು ಅಂತ ಕಬ್ಬಿನ ಹೊರೆ ಹಿಡಿದುಕೊಂಡು ಕೂತಿದ್ದಾನೆ. ಇದು ಅರ್ಧ ಸಾಲು. ಅವನ ಜೇಬನ್ನೂ ತಡಕುತ್ತಾರೆ, ಪೆನ್ನಿಗಾಗಿ.

ಪೆನ್ನಿನ ಒಂದೂವರೆ ಪುಟ ಆದ ತಕ್ಷಣ ಏಳನೇ ಖೇಪು. ಇಲ್ಲಿ ಕಥೆ ಮುಗಿಯಬೇಕು. ಮೊದಲ ಪ್ರತಿಯಲ್ಲಿ ಹೆಂಡತಿ ಕಾರ್ಖಾನೆ ಗೇಟಿನ ಮುಂದೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಊರಿನ ಮಾಸ್ತರರು ಭಾಷಣ ಮಾಡುತ್ತಿದ್ದರು. ಎರಡನೇ ಪ್ರತಿಯಲ್ಲಿ ಭಾಷಣ ತೆಗೆದೆ, ಅಳು ಉಳಿಸಿದೆ. ಮೂರನೇ ಪ್ರತಿಯಲ್ಲಿ ಅಳುವನ್ನೂ ತೆಗೆದೆ. ಅಳು ಸುಳ್ಳು ಅಂತ ಅಲ್ಲ. ಅವಳು ಅತ್ತರೆ ಕಥೆಯ ದೊಡ್ಡ ಘಟನೆಗೆ ತಕ್ಕಷ್ಟು ದೊಡ್ಡ ಮಾತು ಸಿಕ್ಕಿಬಿಡುತ್ತದೆ, ಓದುಗನ ಕೈಯಲ್ಲಿದ್ದ ಭಾರ ಇಳಿದುಹೋಗುತ್ತದೆ. ಹಾಗಾಗಿ ಕಾಟಾದ ಮೇಲೆ ಸೊನ್ನೆ ಬರುತ್ತದೆ. ಗುಮಾಸ್ತ ಹೊಸ ಪೆನ್ನಿನಿಂದ ವಹಿಯಲ್ಲಿ ಬರೆಯುತ್ತಾನೆ: "ರೈತರು ಗೈರುಹಾಜರು. ಸಹಿ ಬಾಕಿ." ಇಲ್ಲಿಗೆ ಮುಗಿಸಿದ್ದೆ. ನನಗೆ ಇದು ಸರಿಯಾಗಿದೆ ಅನ್ನಿಸಿತ್ತು.

ಅದನ್ನು ಮತ್ತೆ ದೊಡ್ಡಪ್ಪನಿಗೆ ಓದಿದೆ. ಅದೇ ಕಟ್ಟೆ, ಅದೇ ಹೊತ್ತು. ಈ ಸಲ ಅವರು "ನಮ್ಮ ಕಾಟಾ ಅಲ್ಲ" ಅನ್ನಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾಗದ ಇಸಿದುಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದೊಂದು ತಪ್ಪೈತಿ. ಸಹಿ ಬಾಕಿ ಬಿಟ್ಟು ಗಾಡಿ ಹೊರಗ ಬಿಡೂದಿಲ್ಲ ಅವರು. ರೈತ ಇರದಿದ್ರ ಡ್ರೈವರಂದು ತಗೋತಾರ" ಅಂದರು.

ಈಗ ಕಥೆಯ ಕೊನೆಯ ಸಾಲು ಹೀಗಿದೆ: "ರೈತರು ಗೈರುಹಾಜರು. ಚಾಲಕರ ಸಹಿ ಪಡೆಯಲಾಗಿದೆ."